ಅರಬ್ಬಿ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಇಂಗ್ಲಿಷಿಗೆ ಬಂದಾಗ ತೂಕ ಯಾಕೆ ಏರುಪೇರಾಗುತ್ತೆ?

ಮುಖ್ಯ ಕಾರಣ ಅಲ್ಪವಿರಾಮ. ಅರಬ್ಬಿ ಅಂಕಿಗಳಲ್ಲಿ ದಶಮಾಂಶಕ್ಕೆ ٫, ಸಾವಿರಕ್ಕೆ ٬ ಎಂಬ ಬೇರೆ ಬೇರೆ ಗುರುತುಗಳಿವೆ. ನೋಡೋಕೆ ಎರಡೂ ಒಂದೇ ಥರ, ಅದರ ಮೇಲೆ ಟೈಪ್ ಮಾಡುವವರು ಎರಡಕ್ಕೂ ಸುಮ್ನೆ ಒಂದೇ ಕಾಮಾ ಹಾಕಿಬಿಡುವುದೂ ಉಂಟು.

ಪಟ್ಟಿಯಲ್ಲಿ ಖರ್ಜೂರ ١٢٥ ಪೆಟ್ಟಿಗೆ, ಒಂದೊಂದರಲ್ಲಿ ١٠ ಕೆಜಿ, ಒಟ್ಟು ١,٢٥٠ ಅಂತಿದೆ ಅಂದುಕೊಳ್ಳಿ. ಇದು 1.25 ಅಥವಾ 1250, ಎರಡೂ ಆಗಬಹುದು. 125ನ್ನು 10ರಿಂದ ಗುಣಿಸಿದರೆ 1250, ಅಂದರೆ ಇಲ್ಲಿರೋದು ಸಾವಿರದ ಕಾಮಾ. ಘಟಕ ಟನ್ ಆಗಿದ್ದರೆ ಮಾತ್ರ 1.25 ಸರಿ, ಹಾಗಾಗಿ ಅಂಕಿಯ ಪಕ್ಕ كجم (ಕೆಜಿ) ಇದೆಯೋ طن (ಟನ್) ಇದೆಯೋ ಮೊದಲು ನೋಡಿ.

ಇನ್ನೊಂದು ಎಡವಟ್ಟು ಕಾಲಮ್‌ಗಳದ್ದು. ಅರಬ್ಬಿ ಕೋಷ್ಟಕ ಬಲದಿಂದ ಎಡಕ್ಕೆ ಓಡುತ್ತೆ, ಅದನ್ನು ತಿರುಗಿಸುವಾಗ ಶೀರ್ಷಿಕೆ ಒಂದು ಕಡೆ, ಅಂಕಿ ಇನ್ನೊಂದು ಕಡೆ ಹೋಗಿ ಗ್ರಾಸ್ (القائم) ಮತ್ತು ನೆಟ್ (الصافي) ಅದಲುಬದಲಾಗುತ್ತವೆ. ಗ್ರಾಸ್‌ನಲ್ಲಿ ಪೆಟ್ಟಿಗೆಯ ತೂಕವೂ ಸೇರಿರುತ್ತೆ ಅಲ್ವಾ, ಖಾಲಿ ಪೆಟ್ಟಿಗೆ ಅರ್ಧ ಕೆಜಿ ಇದ್ದರೆ ಮೇಲಿನ ಸರಕಿನ ಗ್ರಾಸ್ 1312.5 ಕೆಜಿ. ನೆಟ್ ಅದಕ್ಕಿಂತ ಜಾಸ್ತಿ ಕಂಡರೆ ಕಾಲಮ್ ತಿರುವುಮುರುವಾಗಿದೆ ಅಂತಲೇ ಲೆಕ್ಕ.

ಬೆಲೆಯ ಪಕ್ಕ سيف ಅಂತಿದ್ದರೆ ಅದು ಸಿಐಎಫ್, ಅಂದರೆ ವಿಮೆ ಮತ್ತು ಹಡಗಿನ ಬಾಡಿಗೆ ಸೇರಿದ ದರ. ಅದೇ ಅಕ್ಷರಗಳಿಗೆ ಕತ್ತಿ ಅನ್ನೋ ಅರ್ಥವೂ ಇದೆ, ಇಂಗ್ಲಿಷಿನಲ್ಲಿ CIF ಅಂತಲೇ ಬರೆದು ಅದರ ಪಕ್ಕ ಬರೆದಿರುವ ಬಂದರಿನ ಹೆಸರನ್ನು ಬಿಡದೆ ಸೇರಿಸಿ.