ರೋಗಿಗೆ ಆಕ್ಸಿಜನ್ ಹೋಗ್ತಿರುವಾಗ ಸಿಲಿಂಡರ್ ಬದಲಿಸೋದು ಹೇಗೆ?

ಪ್ರಶ್ನೆ: ನಮ್ಮದು ಚಿಕ್ಕ ವಾರ್ಡ್. ಸಿಲಿಂಡರ್ ಯಾವಾಗ, ಹೇಗೆ ಬದಲಿಸಬೇಕು?

ಉತ್ತರ:
ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಬರುವವರೆಗೆ ಕಾಯಬೇಡಿ. 10 ಲೀಟರ್ ನೀರು ಹಿಡಿಯುವ ಸಿಲಿಂಡರಿನಲ್ಲಿ ಒತ್ತಡ 50 ಬಾರ್ ಇದ್ದರೆ ಸುಮಾರು 500 ಲೀಟರ್ ಆಕ್ಸಿಜನ್ ಇದೆ. 10 ಬಾರ್ ಮೀಸಲು ಬಿಟ್ಟರೆ 400. ನಿಮಿಷಕ್ಕೆ 5 ಲೀಟರಿನಂತೆ 80 ನಿಮಿಷ ಬರುತ್ತದೆ. ಅಷ್ಟರೊಳಗೆ ಇನ್ನೊಂದು ಸಿಲಿಂಡರ್, ಬೇರೆ ರೆಗ್ಯುಲೇಟರ್ ಸಮೇತ, ಪಕ್ಕದಲ್ಲೇ ಸರಪಳಿ ಹಾಕಿ ಸಿದ್ಧವಿರಲಿ. ರೋಗಿಯ ಟ್ಯೂಬ್ ಅದಕ್ಕೆ ಸಿಕ್ಕಿಸಿದರೆ ಕೆಲವೇ ಸೆಕೆಂಡಿನ ಕೆಲಸ.

ಸಿದ್ಧ ಮಾಡುವಾಗಲೇ ಎಚ್ಚರ ಜಾಸ್ತಿ ಬೇಕು. ಕೈಯಲ್ಲಿ ಎಣ್ಣೆ, ಕ್ರೀಮ್ ಇರಬಾರದು. ಸ್ಯಾನಿಟೈಸರ್ ಪೂರ್ತಿ ಆರಿರಬೇಕು. ರೆಗ್ಯುಲೇಟರ್ ಕೂರಿಸುವ ಮೊದಲು, ರೋಗಿಯಿಂದ ದೂರದಲ್ಲಿ, ಬಾಯಿ ಯಾರ ಕಡೆಗೂ ಇಲ್ಲದಂತೆ ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚಿ. ಧೂಳು ಹಾರಿಹೋಗುತ್ತದೆ. ವಾಷರ್ ಹರಿದಿದ್ದರೆ ಬದಲಿಸಿ, ಒಂದರ ಮೇಲೊಂದು ಹಾಕಬೇಡಿ. ರೆಗ್ಯುಲೇಟರ್ ಕೂರಿಸಿ, ಅದರ ಫ್ಲೋ ಬಂದ್ ಮಾಡಿ, ವಾಲ್ವ್ ನಿಧಾನವಾಗಿ ತೆರೆಯಿರಿ. ರಪ್ಪನೆ ತೆರೆದರೆ ಒಳಗಿನ ಅನಿಲ ಒಮ್ಮೆಲೇ ಒತ್ತಿ ಬಿಸಿಯಾಗುತ್ತದೆ. ಎಣ್ಣೆ ಅಥವಾ ಧೂಳಿದ್ದರೆ ಹೊತ್ತಿಕೊಳ್ಳಬಹುದು. ನಾನು ಅತಿ ಹೆಚ್ಚು ಹೆದರುವುದು ಇದಕ್ಕೇ.

ಸೋರಿಕೆ ನೋಡಲು, ಫ್ಲೋ ಬಂದ್ ಇರುವಾಗಲೇ ವಾಲ್ವ್ ಮುಚ್ಚಿ ಮುಳ್ಳು ಗಮನಿಸಿ. ಅದು ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸುಮ್ನೆ ಸ್ಪ್ಯಾನರ್ ಹಾಕಿ ಬಿಗಿಯಬೇಡಿ. ಒತ್ತಡ ಬಿಟ್ಟು, ಬಿಚ್ಚಿ, ವಾಷರ್ ನೋಡಿ.

ಖಾಲಿಯಾದದ್ದರ ವಾಲ್ವ್ ಮುಚ್ಚಿ, ‘ಖಾಲಿ’ ಚೀಟಿ ಕಟ್ಟಿ, ತುಂಬಿದವುಗಳಿಂದ ಬೇರೆ ಇಡಿ.