ಎಳ್ಳುಬೆಲ್ಲ ಎಷ್ಟು ತರಿಸಬೇಕು, ಯಾವಾಗ?

> ಹೋದ ಸಂಕ್ರಾಂತಿಗೆ ಕಾಲು ಕೆಜಿಯ 200 ಪ್ಯಾಕೆಟ್ ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಖಾಲಿ. ಈ ಸಲ ಎಷ್ಟು ತರಿಸಲಿ, ಯಾವಾಗ?

ಜೋರು ವ್ಯಾಪಾರವೇ ಆ ದಿನ ಸಂಜೆ, ಅಲ್ವಾ? ಹಾಗಾಗಿ 200 ಅನ್ನೋದು ನೀವು ಮಾರಿದ ಲೆಕ್ಕ ಅಷ್ಟೇ, ಜನ ಕೇಳಿದ್ದಲ್ಲ. ನಾನಾದರೆ 280ಕ್ಕೆ, ಅಂದರೆ 70 ಕೆಜಿಗೆ ಸಾಮಾನು ತರಿಸುತ್ತೇನೆ. ಆದರೆ ಎಲ್ಲವನ್ನೂ ಒಟ್ಟಿಗೆ ಬೆರೆಸಬೇಡಿ. ಎಳ್ಳು, ಹುರಿಗಡಲೆ ಡಿಸೆಂಬರ್ ಮಧ್ಯದಲ್ಲೇ ಬರಲಿ. ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ ಬೇಗ ಕಮಟುತ್ತವೆ, ವಾರದ ಮುಂಚೆ ಸಾಕು. ಚೀಲ ಬಿಚ್ಚಿ ಮೂಸಿ ನೋಡಿಯೇ ಇಳಿಸಿಕೊಳ್ಳಿ.

ಮೊದಲು 160 ಪ್ಯಾಕೆಟ್ ಮಾಡಿ. 11ರ ರಾತ್ರಿ ಎಣಿಸಿ, ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಉಳಿದದ್ದನ್ನೂ ಬೆರೆಸಿ. ಬಿಡಿಯಾಗಿ ಉಳಿದ ಎಳ್ಳು, ಬೀಜ ಹಬ್ಬ ಕಳೆದ ಮೇಲೂ ಮಾರಾಟವಾಗುತ್ತದೆ. ಬೆರೆಸಿದ್ದನ್ನು 16ನೇ ತಾರೀಖು ಯಾರೂ ಕೇಳಲ್ಲ. ಸಕ್ಕರೆ ಅಚ್ಚಿಗೆ ಮಾತ್ರ ಈಗಲೇ ಹೇಳಿಡಿ, ಮಾಡುವವರು ಕಡಿಮೆ.