ಹಳೆಯ ಸೇರು, ಮಣ, ಗುಂಟೆ: ಈಗಿನ ಲೆಕ್ಕದಲ್ಲಿ ಎಷ್ಟು?

ಅಜ್ಜನ ಕಾಲದ ಮೈಸೂರು ಸೀಮೆಯ ಪತ್ರದಲ್ಲಿ "2 ಎಕರೆ 15 ಗುಂಟೆ ಜಮೀನು, 10 ಮಣ ಬೆಲ್ಲ" ಅಂತಿದೆ. ಈಗಿನ ಲೆಕ್ಕದಲ್ಲಿ ಎಷ್ಟಾಗುತ್ತೆ?

ಜಮೀನಿನ ಲೆಕ್ಕ ಸುಲಭ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ. ನಿಮ್ಮದು ಒಟ್ಟು 95 ಗುಂಟೆ, ಅಂದರೆ ಸುಮಾರು 0.96 ಹೆಕ್ಟೇರ್.

ಎಡವುವುದು ಮಣದಲ್ಲಿ. ಮಣಕ್ಕೆ 40 ಸೇರು ನಿಜ, ಆದರೆ ಯಾವ ಸೇರು? ಬ್ರಿಟಿಷ್ ಸರ್ಕಾರಿ ಸೇರು 80 ತೊಲ, ಹಾಗಾಗಿ ಮಣಕ್ಕೆ 37.3 ಕಿಲೋ. ಮೈಸೂರಿನ ಕಚ್ಚಾ ಸೇರು ಬರೀ 24 ತೊಲ, ಮಣಕ್ಕೆ ಸುಮಾರು 11.2 ಕಿಲೋ. ಊರಿನ ವ್ಯವಹಾರದ ಪತ್ರವಾದ್ದರಿಂದ ನಿಮ್ಮ ಬೆಲ್ಲ 112 ಕಿಲೋ ಇರಬೇಕು, 373 ಅಲ್ಲ. ಪತ್ರದಲ್ಲಿ ತೊಲದ ಲೆಕ್ಕ ಇದ್ದರೆ ಮೊದಲು ಅದನ್ನೇ ನೋಡಿ.

ಅಂದಹಾಗೆ, "ಇಷ್ಟು ಸೇರು ರಾಗಿ" ಅಂತಿದ್ದರೆ ಅದು ಸಾಮಾನ್ಯವಾಗಿ ಪಾತ್ರೆಯಲ್ಲಿ ಅಳೆದದ್ದು, ನಾಲ್ಕು ಪಾವಿಗೆ ಒಂದು ಸೇರು. ಸುಮ್ನೆ ಕಿಲೋಗೆ ತಿರುಗಿಸಬೇಡಿ.